ದಿನಕ್ಕೆ ಮೂರು ಸಲ ನೋಡುವ ಫೋನು

ಚಿಕ್ಕಮಗಳೂರಿನ ಐ.ಜಿ. ರಸ್ತೆ ಪಕ್ಕದ ಓಣಿಯಲ್ಲಿ ನನ್ನದೊಂದು ಸಣ್ಣ ಆಫೀಸು. ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಹಾರ್ಡ್‌ವೇರ್ ಅಂಗಡಿ, ಗೊಬ್ಬರದ ಅಂಗಡಿ, ಹೋಂಸ್ಟೇ, ಕಾಫಿ ವ್ಯಾಪಾರ, ಎಲ್ಲಾ ಸೇರಿ ಐವತ್ತರ ಮೇಲೆ ಗಿರಾಕಿಗಳಿದ್ದಾರೆ. ಅಷ್ಟೂ ಜನ ಬಿಲ್ ಕಳಿಸುವುದು ವಾಟ್ಸಾಪ್‌ನಲ್ಲೇ. ಹಾಗಾಗಿ ಫೋನ್ ಆಫ್ ಮಾಡಿ ಕೂರುವ ಭಾಗ್ಯ ನನಗಿಲ್ಲ.

ಪ್ರತಿ ತಿಂಗಳು 14ಕ್ಕೆ ಪೋರ್ಟಲ್‌ನಲ್ಲಿ 2ಬಿ ಬರುತ್ತದೆ. ಮಾಲು ಕೊಟ್ಟವರು ತೋರಿಸಿದ ಬಿಲ್‌ಗಳ ಪಟ್ಟಿ ಅದು. ಅದನ್ನು ನಮ್ಮ ಖರೀದಿ ಪುಸ್ತಕದ ಜೊತೆ ಸಾಲು ಸಾಲಾಗಿ ತಾಳೆ ನೋಡಿ, 20ರೊಳಗೆ 3ಬಿ ಸಲ್ಲಿಸಬೇಕು. ಖರೀದಿಗೆ ಕೊಟ್ಟ ತೆರಿಗೆಯನ್ನು ಕಳೆದು ಉಳಿದದ್ದನ್ನು ಕಟ್ಟುವ ತಿಂಗಳ ರಿಟರ್ನ್ ಅದು. ಈ ತಾಳೆ ನೋಡುವ ಕೆಲಸ ಕಷ್ಟದ್ದೇನಲ್ಲ. ಆದರೆ ಎಲ್ಲಿದ್ದೇನೆ, ಯಾವುದನ್ನು ಹುಡುಕುತ್ತಿದ್ದೇನೆ ಅನ್ನುವುದು ತಲೆಯಲ್ಲೇ ಇರಬೇಕು.

ಒಂದು ತಿಂಗಳು ಹಾರ್ಡ್‌ವೇರ್ ಅಂಗಡಿಯೊಂದರ ಲೆಕ್ಕ ಹಿಡಿದು ಕೂತಿದ್ದೆ. ಪೈಪಿನ ಬಿಲ್ ಒಂದು ಪುಸ್ತಕದಲ್ಲಿ ಬಿಟ್ಟುಹೋಗಿತ್ತು. ಹತ್ತು ಸಾವಿರದ ಮಾಲು, 1,800 ತೆರಿಗೆ. ಅದನ್ನು ಸೇರಿಸಿದೆ. ಅಷ್ಟರಲ್ಲಿ ಟಿಂಗ್ ಅಂತು. ಹೋಂಸ್ಟೇಯವರೊಬ್ಬರು ರೂಮಿನ ತೆರಿಗೆ ಎಷ್ಟು ಅಂತ ಕೇಳಿದ್ದರು. ಉತ್ತರ ಬರೆಯಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ. ವಾಪಸ್ ಬಂದು ಅದೇ ಬಿಲ್ಲನ್ನು ಇನ್ನೊಂದು ಸಲ ಸೇರಿಸಿದೆ! ಕೊನೆಯಲ್ಲಿ ಮೊತ್ತ ನೋಡುವಾಗಲೂ ಇನ್ನೆರಡು ಮೆಸೇಜ್ ಬಂತು, ತಪ್ಪು ಕಣ್ಣಿಗೆ ಬೀಳಲಿಲ್ಲ. 3ಬಿ ಒಮ್ಮೆ ಸಲ್ಲಿಸಿದ ಮೇಲೆ ತಿದ್ದುವ ಹಾಗಿಲ್ಲ. ಮುಂದಿನ ತಿಂಗಳು, ಎರಡು ಸಲ ಕಳೆದುಕೊಂಡಿದ್ದ ಆ 1,800 ವಾಪಸ್ ತೋರಿಸಿ, ಬಡ್ಡಿಯನ್ನು ನನ್ನ ಕೈಯಿಂದಲೇ ಕಟ್ಟಿದೆ. ದುಡ್ಡು ದೊಡ್ಡದಲ್ಲ. ಗಿರಾಕಿ ಎದುರು ತಲೆ ತಗ್ಗಿಸಿದ್ದು ದೊಡ್ಡದು.

ಆಮೇಲೆ ಇದರ ಬಗ್ಗೆ ಓದಿದೆ. ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲೇ ಇದನ್ನು ಬರೆದಿದ್ದಾರೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಳೆಯ ಕೆಲಸದಲ್ಲೇ ಉಳಿದುಬಿಡುತ್ತದೆ. ಪಾತ್ರೆಯಲ್ಲಿ ಹಿಂದಿನ ಸಾರಿನ ಜಿಡ್ಡು ಉಳಿದ ಹಾಗೆ. ನನಗೆ ಆಗಿದ್ದು ಸರಿಯಾಗಿ ಅದೇ. ಪೈಪಿನ ಬಿಲ್ ನೋಡುವಾಗ ತಲೆಯೊಳಗೆ ಇನ್ನೂ ರೂಮಿನ ಬಾಡಿಗೆ ಓಡುತ್ತಿತ್ತು. ಫೋನ್ ಮುಟ್ಟದೆ ಸುಮ್ನೆ ಸದ್ದು ಕೇಳಿದರೂ ಕೈಲಿರುವ ಕೆಲಸದಲ್ಲಿ ತಪ್ಪು ಹೆಚ್ಚುತ್ತದೆ ಅಂತ 2015ರ ಒಂದು ಪ್ರಯೋಗವೂ ತೋರಿಸಿದೆ.

ಸರಿ, ಎಲ್ಲಾ ಬಂದ್ ಮಾಡೋಣ ಅಂತ ಹೊರಟೆ. ಬೆಳಗ್ಗೆಯಿಂದ ಸಂಜೆವರೆಗೂ ಫೋನ್ ಮೌನ. ಮೊದಲ ದಿನ ಒಂದು ಕಾಗದ ಇಟ್ಟುಕೊಂಡು, ಕೈ ಫೋನಿಗೆ ಹೋದಾಗಲೆಲ್ಲ ಒಂದು ಗೀಟು ಹಾಕಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಹತ್ತೊಂಬತ್ತು ಗೀಟು. ಸದ್ದು ಇಲ್ಲದಿದ್ದರೆ ಏನೋ ತಪ್ಪಿಹೋಯಿತು ಅನ್ನುವ ದಿಗಿಲು ಜಾಸ್ತಿಯಾಗಿತ್ತು. ನನ್ನೊಬ್ಬಳ ಹುಚ್ಚು ಅಂದುಕೊಂಡಿದ್ದೆ. 2019ರ ಒಂದು ಅಧ್ಯಯನದಲ್ಲೂ ಹೀಗೇ ಆಗಿದೆ. ನೋಟಿಫಿಕೇಶನ್ ಪೂರ್ತಿ ನಿಲ್ಲಿಸಿದವರಿಗೆ ಆತಂಕ ಹೆಚ್ಚಾಗಿತ್ತು. ದಿನಕ್ಕೆ ಮೂರು ಸಲ ಒಟ್ಟಿಗೆ ಬರುವಂತೆ ಮಾಡಿದವರಿಗೆ ಮಾತ್ರ ನೆಮ್ಮದಿಯೂ ಗಮನವೂ ಸುಧಾರಿಸಿತ್ತು.

ಅಲ್ಲಿಂದ ನನ್ನ ಮೂರು ಹೊತ್ತು ಶುರುವಾಯಿತು. ಮಧ್ಯಾಹ್ನ 12:30, 3:30, ಸಂಜೆ 5:45. ಉಳಿದ ಹೊತ್ತಿನಲ್ಲಿ ಫೋನಿನ Do Not Disturb ತಾನಾಗಿಯೇ ಶುರುವಾಗಿ ತಾನಾಗಿಯೇ ಮುಗಿಯುವ ಹಾಗೆ ಟೈಮ್ ಹಾಕಿಟ್ಟೆ. ಅಮ್ಮ, ಮನೆಯವರು, ಮಗಳ ಶಾಲೆ, ಈ ಮೂರು ನಂಬರಿಗೆ ನಕ್ಷತ್ರದ ಗುರುತು. ಅವರ ಕರೆ ಮಾತ್ರ ರಿಂಗ್ ಆಗುತ್ತದೆ.

ಇಲ್ಲೊಂದು ತೂತು ಇತ್ತು. ಒಬ್ಬರೇ ಹದಿನೈದು ನಿಮಿಷದೊಳಗೆ ಎರಡನೇ ಸಲ ಕರೆ ಮಾಡಿದರೆ ಒಳಗೆ ಬಿಡುವ ವ್ಯವಸ್ಥೆ ಆಂಡ್ರಾಯ್ಡ್ ಫೋನಿನಲ್ಲಿರುತ್ತದೆ. ತುರ್ತು ಕರೆ ತಪ್ಪದಿರಲಿ ಅಂತ. ಆದರೆ ನಮ್ಮ ಗೊಬ್ಬರದ ಅಂಗಡಿ ಗೌಡರಿಗೆ ಒಂದು ರಿಂಗಿಗೆ ಎತ್ತದಿದ್ದರೆ ತಕ್ಷಣ ಮತ್ತೆ ಒತ್ತುವುದು ಅಭ್ಯಾಸ. ಅವರಿಗೆ ಎಲ್ಲವೂ ತುರ್ತೇ. ಅದನ್ನೂ ಆಫ್ ಮಾಡಿದೆ.

ಇನ್ನೊಂದು ತೂತು ಕಂಡಿದ್ದು ವಾರದ ಮೇಲೆ. ಫೋನ್ ಡ್ರಾಯರ್‌ನಲ್ಲಿ ಮಲಗಿತ್ತು, ಆದರೂ ನನ್ನ ಕಣ್ಣು ಪದೇ ಪದೇ ಕಂಪ್ಯೂಟರಿನ ಮೇಲ್ತುದಿಗೆ ಓಡುತ್ತಿತ್ತು. ವಾಟ್ಸಾಪ್ ವೆಬ್‌ನ ಟ್ಯಾಬ್ ಮೇಲೆ (7) ಅಂತಿದ್ದದ್ದು (8) ಆಗುತ್ತಿತ್ತು. ಸದ್ದಿಲ್ಲ, ಆದರೆ ಕೆಲಸ ಕೆಡಿಸಲು ಅಷ್ಟು ಸಾಕು. ಈಗ ಆ ಟ್ಯಾಬನ್ನು ಮೂರು ಹೊತ್ತಿನಲ್ಲಿ ಮಾತ್ರ ತೆರೆಯುತ್ತೇನೆ.

ಗಿರಾಕಿಗಳಿಗೂ ಗೊತ್ತಾಗಬೇಕಲ್ವಾ? ವಾಟ್ಸಾಪ್ ಬಿಸಿನೆಸ್‌ನಲ್ಲಿ ಹೊರಗಿದ್ದಾಗ ತಾನೇ ಹೋಗುವ ಉತ್ತರ ಇಡಬಹುದು. ನಾನು ಬರೆದದ್ದು ಇಷ್ಟೇ: "ಬಿಲ್ ಕಳಿಸಿ, ತಲುಪುತ್ತದೆ. ಮೆಸೇಜ್ ನೋಡುವುದು 12:30, 3:30, 5:45ಕ್ಕೆ. ನೋಟಿಸ್ ಬಂದಿದ್ದರೆ ಆಫೀಸಿನ ಲ್ಯಾಂಡ್‌ಲೈನಿಗೆ ಮಾಡಿ." ಲ್ಯಾಂಡ್‌ಲೈನ್ ಎತ್ತುವುದು ನಮ್ಮ ಆಫೀಸಿನ ಹುಡುಗಿ. ಮೊದಲೆರಡು ದಿನ "ಮೇಡಂ, ಇವರು ತುರ್ತು ಅಂತಾರೆ" ಅಂತ ಬರುತ್ತಿದ್ದಳು. "ನೋಟಿಸಾ ಕೇಳಮ್ಮ" ಅನ್ನುತ್ತಿದ್ದೆ. ಹೆಚ್ಚಿನವು ಅಲ್ಲ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಚೀಟಿ. 12:30 ಆಯಿತು ಅಂತ ತಟ್ಟನೆ ಫೋನ್ ತೆಗೆಯುವುದಿಲ್ಲ. ಮೊದಲು ಬರೆಯುತ್ತೇನೆ: "ಸಾಲು 38 ಮುಗಿದಿದೆ. 39ರಲ್ಲಿ ಬಿಲ್ ನಂಬರ್ ಬೇರೆ, ತಾರೀಖು ನೋಡಬೇಕು." ಚೀಟಿಯನ್ನು ಕೀಬೋರ್ಡ್ ಮೇಲೇ ಇಡುತ್ತೇನೆ. ವಾಪಸ್ ಬಂದಾಗ ನೆನಪು ಮಾಡಿಕೊಳ್ಳುವ ಕೆಲಸವೇ ಇಲ್ಲ, ಓದಿ 39ಕ್ಕೆ ಕೈ ಹಾಕುವುದು. "ಮುಂದಿನ ಹೆಜ್ಜೆ" ಬರೆಯದೆ ಬರೀ "38" ಅಂತ ಬರೆದ ದಿನ ಮತ್ತೆ ಐದು ನಿಮಿಷ ತಡಕಾಡಿದ್ದೇನೆ.

ಮೆಸೇಜ್ ನೋಡುವುದಕ್ಕೂ ಇಪ್ಪತ್ತೈದು ನಿಮಿಷದ ಮಿತಿ ಇದೆ. ಬಿಲ್‌ಗಳು ನೇರ ಆಯಾ ಅಂಗಡಿಯ ಫೋಲ್ಡರಿಗೆ. ಒಂದು ಸಾಲಿನಲ್ಲಿ ಮುಗಿಯುವ ಉತ್ತರ ಅಲ್ಲೇ. ಲೆಕ್ಕ ತೆಗೆದು ನೋಡಬೇಕಾದದ್ದು ಡೈರಿಗೆ, ಸಂಜೆಗೆ. ಈ ಮೂರನೆಯದನ್ನು ಅಲ್ಲೇ ಮಾಡಲು ಹೋದರೆ ಇಪ್ಪತ್ತೈದು ನಿಮಿಷದ್ದು ಒಂದೂವರೆ ಗಂಟೆ ಆಗುತ್ತದೆ, ಆಮೇಲೆ 39ನೇ ಸಾಲು ಯಾರಿಗೆ ಬೇಕು.

18ರಿಂದ 20ರವರೆಗೆ ಮಾತ್ರ ಈ ಲೆಕ್ಕಾಚಾರ ನಡೆಯುವುದಿಲ್ಲ. ರಿಟರ್ನ್ ಸಲ್ಲಿಸುವಾಗ ಓಟಿಪಿ ಗಿರಾಕಿಯ ಮೊಬೈಲಿಗೆ ಹೋಗುತ್ತದೆ. ಹತ್ತು ನಿಮಿಷದೊಳಗೆ ಅವರು ಅದನ್ನು ನನಗೆ ಹೇಳಬೇಕು. ಮೂಡಿಗೆರೆ ಕಡೆ ತೋಟದಲ್ಲಿದ್ದವರಿಗೆ ಸಿಗ್ನಲ್ಲೇ ಇರುವುದಿಲ್ಲ. ಅದಕ್ಕೆ ಆ ಮೂರು ದಿನ ಬೆಳಗ್ಗೆ ಬರೀ ತಾಳೆ. ಮಧ್ಯಾಹ್ನ 3ರಿಂದ 5 ಬರೀ ಸಲ್ಲಿಕೆ, ಫೋನ್ ಪೂರ್ತಿ ತೆರೆದಿರುತ್ತದೆ. ಯಾರಿಗೆ ಎಷ್ಟು ಗಂಟೆಗೆ ಓಟಿಪಿ ಬರುತ್ತದೆ ಅಂತ ಹಿಂದಿನ ಸಂಜೆಯೇ ಹೇಳಿಬಿಡುತ್ತೇನೆ.

ಗೌಡರು ಈಗಲೂ ಎರಡು ಸಲ ಒತ್ತುತ್ತಾರೆ. ಮೊನ್ನೆ 12:30ಕ್ಕೆ ಡ್ರಾಯರ್ ಎಳೆದರೆ ಅವರ ಫೋನ್ ರಿಂಗ್ ಆಗುತ್ತಲೇ ಇತ್ತು. "ಏನಮ್ಮಾ, ನಿಮ್ಮ ಅಂಗಡಿ ಬಾಗಿಲು ತೆಗೆದ್ರಾ?" ಅಂದರು.