ಥರ್ಡ್ ಪಾರ್ಟಿ ಪೇರೋಲ್: ಏಜೆನ್ಸಿಯನ್ನು ಪಿಎಫ್ ತಾರೀಖಿನಿಂದ ಅಳೆದ ನನ್ನ ಅನುಭವ

ಥರ್ಡ್ ಪಾರ್ಟಿ ಪೇರೋಲ್ ಎಂದರೆ ಕೆಲಸ ಒಂದು ಕಂಪನಿಯಲ್ಲಿ, ಸಂಬಳ ಏಜೆನ್ಸಿಯಿಂದ. ಅಂಥ ಏಜೆನ್ಸಿಯೊಂದು ನಂಬಿಕೆಗೆ ಅರ್ಹವೇ ಎಂಬುದನ್ನು ಸೇರುವ ಮೊದಲೇ ಅದರ ಪಿಎಫ್ ಪಾವತಿಯ ತಾರೀಖುಗಳಿಂದ ತಿಳಿಯಬಹುದು ಎಂದು ನಾನು ಹೇಳಿದಾಗ ಜೊತೆಯವರು ನಕ್ಕಿದ್ದರು. ಈಗ ಅವರಲ್ಲಿ ಕೆಲವರು ಆಫರ್ ಲೆಟರ್ ಬಂದ ಕೂಡಲೇ ನನಗೇ ಕಳುಹಿಸುತ್ತಾರೆ.

ಇದಕ್ಕೂ ಮೊದಲು ಬೇರೆ ದಾರಿಗಳನ್ನು ಹಿಡಿದು ನೋಡಿದ್ದೆ. ಕಚೇರಿಗೆ ಹೋಗಿ ನೋಡಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಒಳ್ಳೆಯ ಸ್ವಾಗತ ಕೊಠಡಿಯನ್ನು ಯಾರು ಬೇಕಾದರೂ ಬಾಡಿಗೆಗೆ ಹಿಡಿಯಬಹುದು. ಆನ್‌ಲೈನ್ ವಿಮರ್ಶೆಗಳನ್ನು ಬರೆದವರಲ್ಲಿ ಹೆಚ್ಚಿನವರು ಸಂದರ್ಶನದವರೆಗೆ ಮಾತ್ರ ಹೋದವರು. ಮೂರನೆಯ ತಿಂಗಳ ಸಂಬಳ ಯಾವಾಗ ಬಂತು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ನೋಂದಣಿ ಶುಲ್ಕ ಅಥವಾ ಠೇವಣಿ ಕೇಳುವವರನ್ನು ಅಲ್ಲಿಯೇ ಬಿಟ್ಟುಬಿಡಬೇಕು ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಹಣ ಕೇಳದವರೆಲ್ಲ ಸರಿಯಾದವರು ಎಂದಾಗುವುದಿಲ್ಲ.

ನಿಜವಾಗಿ ತಿಳಿಯಬೇಕಾದದ್ದು ಒಂದೇ: ಕ್ಲೈಂಟ್, ಅಂದರೆ ನಾವು ಕೆಲಸ ಮಾಡುವ ಕಂಪನಿ, ಏಜೆನ್ಸಿಯ ಬಿಲ್ ಪಾವತಿಸಲು ತಡಮಾಡಿದರೆ ಏಜೆನ್ಸಿ ತನ್ನ ಕೈಯಿಂದ ಸಂಬಳ ಕೊಡಬಲ್ಲದೇ? ಒಂದು ತಿಂಗಳ ಪಿಎಫ್ ವಂತಿಗೆಯನ್ನು ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕು. ಕೈಯಲ್ಲಿ ಹಣವಿಲ್ಲದವನು ಮೊದಲು ಮುಂದೂಡುವುದು ಇದನ್ನೇ, ಏಕೆಂದರೆ ಸಂಬಳ ತಡವಾದರೆ ಅಂದೇ ಗಲಾಟೆಯಾಗುತ್ತದೆ, ಪಿಎಫ್ ತಡವಾದರೆ ತಿಂಗಳುಗಟ್ಟಲೆ ಯಾರೂ ನೋಡುವುದಿಲ್ಲ. ಇಪಿಎಫ್‌ಒ ಜಾಲತಾಣದ `Establishment Search` ಪುಟದಲ್ಲಿ ಸಂಸ್ಥೆಯ ಹೆಸರು ಕೊಟ್ಟರೆ ಯಾವ ತಿಂಗಳ ವಂತಿಗೆ ಯಾವ ದಿನ ಜಮೆಯಾಯಿತು, ಎಷ್ಟು ನೌಕರರಿಗೆ ಕಟ್ಟಲಾಯಿತು ಎಂಬುದು ಕಾಣುತ್ತದೆ. ಅಲ್ಲಿ ಹುಡುಕಬೇಕಾದದ್ದು ಆಫರ್ ಲೆಟರ್‌ನ ಕೆಳಗಿರುವ ಕಾನೂನುಬದ್ಧ ಹೆಸರನ್ನು, ಫಲಕದ ಮೇಲಿನ ಬ್ರ್ಯಾಂಡ್ ಹೆಸರನ್ನಲ್ಲ.

ನನ್ನ ಮುಂದೆ ಎರಡು ಆಫರ್‌ಗಳಿದ್ದವು. ಮೊದಲನೆಯ ಏಜೆನ್ಸಿ ಸಾವಿರಕ್ಕೂ ಹೆಚ್ಚು ಜನರನ್ನು ನಿಯೋಜಿಸಿದ್ದೇವೆ ಎಂದು ಹೇಳಿಕೊಳ್ಳುತ್ತಿತ್ತು. ಪಿಎಫ್ ಕಟ್ಟಿದ್ದು ನೂರೈವತ್ತರ ಆಸುಪಾಸಿನ ಜನರಿಗೆ. ಜಮೆಯ ದಿನವೂ 14ರಿಂದ 22ಕ್ಕೆ, ಅಲ್ಲಿಂದ ಅದರ ಮುಂದಿನ ತಿಂಗಳಿಗೆ ಜಾರಿತ್ತು. ಎರಡನೆಯದು ತಿಂಗಳಿಗೆ ಸುಮಾರು ಎರಡು ಸಾವಿರ ಕಡಿಮೆ ಕೊಡುತ್ತಿತ್ತು, ಆದರೆ ತಾರೀಖುಗಳು ಒಂದೂ 15 ದಾಟಿರಲಿಲ್ಲ. ನಾನು ಎರಡನೆಯದನ್ನು ಆರಿಸಿದೆ. ಮೊದಲನೆಯದಕ್ಕೆ ಸೇರಿದ ಗೆಳೆಯನಿಗೆ ವರ್ಷ ತುಂಬುವ ಮೊದಲೇ ಎರಡು ತಿಂಗಳ ಸಂಬಳ ಬಾಕಿ ಉಳಿಯಿತು. ತಾರೀಖುಗಳ ಜೊತೆಗೆ ಏಜೆನ್ಸಿಯ ಎಚ್‌ಆರ್‌ಗೆ ನಾನು ಕೇಳುವ ಒಂದು ಪ್ರಶ್ನೆಯೂ ಇದೆ. ಅದನ್ನು ಇಲ್ಲಿ ಬರೆದರೆ ಅವರು ಉತ್ತರ ಸಿದ್ಧಮಾಡಿಕೊಳ್ಳುತ್ತಾರೆ, ಆದ್ದರಿಂದ ಬರೆಯುವುದಿಲ್ಲ.

ಈ ವಿಧಾನಕ್ಕೂ ಮಿತಿಯಿದೆ. ಹೊಸ ಸಂಸ್ಥೆಗೆ ಹಿಂದಿನ ದಾಖಲೆಯೇ ಇರುವುದಿಲ್ಲ, ಮತ್ತು ದೊಡ್ಡ ಏಜೆನ್ಸಿಗಳು ಒಂದಕ್ಕಿಂತ ಹೆಚ್ಚು ಪಿಎಫ್ ಕೋಡ್ ಇಟ್ಟುಕೊಂಡಿರಬಹುದಾದ್ದರಿಂದ ಒಂದೇ ಕೋಡಿನ ಸಂಖ್ಯೆ ನೋಡಿ ತೀರ್ಮಾನಿಸಬಾರದು. ಒಮ್ಮೆ ಕುತೂಹಲಕ್ಕೆ ಜಿಎಸ್‌ಟಿ ರಿಟರ್ನ್ ಸಲ್ಲಿಕೆಯ ದಿನಗಳನ್ನೂ ಹೋಲಿಸಿ ನೋಡಿದೆ. ಸಮಯ ಹಿಡಿಯಿತೇ ಹೊರತು ಪಿಎಫ್ ಹೇಳದ ಹೊಸದೇನನ್ನೂ ಅದು ಹೇಳಲಿಲ್ಲ.

ಏಜೆನ್ಸಿ ಪ್ರಾಮಾಣಿಕವಾಗಿದ್ದರೂ ಕೆಲಸದ ಸ್ವರೂಪ ಬದಲಾಗುತ್ತದೆ. ನನ್ನ ಸಿಟಿಸಿ, ಅಂದರೆ ನನಗಾಗಿ ಮಾಲೀಕರು ಮಾಡುವ ಒಟ್ಟು ವೆಚ್ಚ, ತಿಂಗಳಿಗೆ 30,000 ರೂಪಾಯಿ, ಮೂಲ ವೇತನ 15,000. ಅದರಲ್ಲಿ ಮಾಲೀಕರ ಪಾಲಿನ ಪಿಎಫ್ ಮತ್ತು ಅದರ ನಿರ್ವಹಣಾ ವೆಚ್ಚ ಸುಮಾರು 1,950, ಗ್ರಾಚ್ಯುಟಿಯ ಹೆಸರಿನಲ್ಲಿ 720ರಷ್ಟು ಮೊದಲೇ ಕಳೆದುಹೋಗುತ್ತದೆ. ನನ್ನ ಪಾಲಿನ 1,800 ಮತ್ತು ವೃತ್ತಿ ತೆರಿಗೆಯೂ ಹೋದ ಮೇಲೆ ಕೈಗೆ ಬರುವುದು 25,300ರ ಹತ್ತಿರ. ಪಿಎಫ್ ಹಣ ನಮ್ಮ ಖಾತೆಗೇ ಬರುತ್ತದೆ, ಅದರ ಬಗ್ಗೆ ತಕರಾರಿಲ್ಲ. ಗ್ರಾಚ್ಯುಟಿಯ ಕಥೆ ಬೇರೆ. ಅದಕ್ಕೆ ಒಂದೇ ಮಾಲೀಕರ ಬಳಿ ಐದು ವರ್ಷ ಬೇಕೆಂಬುದು ಹಳೆಯ ನಿಯಮ. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷ ಸಾಕು. ಆದರೆ ಕರಾರು ಹನ್ನೊಂದು ತಿಂಗಳದ್ದಾಗಿ ನವೀಕರಣವಾಗದಿದ್ದರೆ ಆ 720 ಕಾಗದದ ಮೇಲೆಯೇ ಉಳಿಯುತ್ತದೆ. ನಾನು ಆಫರ್ ಹಂತದಲ್ಲಿಯೇ ಆ ಮೊತ್ತವನ್ನು ಭತ್ಯೆಗೆ ಸೇರಿಸಬೇಕೆಂದು ಪಟ್ಟು ಹಿಡಿದೆ, ಅರ್ಧದಷ್ಟು ಸಿಕ್ಕಿತು.

ಕೆಲಸ ಹೇಳುವ ಮ್ಯಾನೇಜರ್‌ಗೆ ನನ್ನ ಸಂಬಳ ಹೆಚ್ಚಿಸುವ ಅಧಿಕಾರವಿಲ್ಲ, ಸಂಬಳ ಕೊಡುವವರಿಗೆ ನನ್ನ ಕೆಲಸ ಏನೆಂದೇ ಗೊತ್ತಿಲ್ಲ. ಕ್ಲೈಂಟ್ ಕೊಡುವ ದರ ಏರದೆ ನನ್ನ ಸಂಬಳ ಏರುವುದಿಲ್ಲವಾದ್ದರಿಂದ, ಏಜೆನ್ಸಿಗೆ ಮೇಲ್ ಬರೆಯುವ ಬದಲು ಕ್ಲೈಂಟ್ ಕರಾರಿನ ನವೀಕರಣಕ್ಕೆ ಎರಡು ತಿಂಗಳು ಮುಂಚೆ ಮ್ಯಾನೇಜರ್ ಬಳಿ ಮಾತನಾಡಿದೆ. ಹತ್ತು ಪ್ರತಿಶತದಷ್ಟು ಹೆಚ್ಚಳ ಬಂತು. ಜೊತೆಯ ಪೇರೋಲ್‌ನವರಿಗೆ ಆ ವರ್ಷ ಏನೂ ಬರಲಿಲ್ಲ.

ಇನ್ನೊಂದು ವಿಷಯವನ್ನು ರೆಸ್ಯೂಮೆ ಬರೆಯುವಾಗ ಗಮನಿಸಬೇಕು. ಪಿಎಫ್ ಸದಸ್ಯ ಸಂಖ್ಯೆಯಾದ ಯುಎಎನ್‌ನ ಸೇವಾ ಇತಿಹಾಸದಲ್ಲಿ ಕಾಣುವುದು ಏಜೆನ್ಸಿಯ ಹೆಸರು. ಕ್ಲೈಂಟ್‌ನ ಹೆಸರನ್ನಷ್ಟೇ ಬರೆದರೆ ಮುಂದಿನ ಕಂಪನಿಯ ಹಿನ್ನೆಲೆ ಪರಿಶೀಲನೆಯಲ್ಲಿ ಅದು ಸುಳ್ಳೆಂದೇ ತೋರುತ್ತದೆ. ಆದ್ದರಿಂದ ಏಜೆನ್ಸಿಯ ಹೆಸರನ್ನು ಮಾಲೀಕರೆಂದೂ ಕ್ಲೈಂಟ್‌ನ ಹೆಸರನ್ನು ನಿಯೋಜನೆಯ ಸ್ಥಳವೆಂದೂ ಬೇರೆಬೇರೆಯಾಗಿ ಬರೆಯುತ್ತೇನೆ, ಮತ್ತು ಅನುಭವ ಪತ್ರದಲ್ಲಿ ಕ್ಲೈಂಟ್‌ನ ಹೆಸರು, ಹುದ್ದೆ, ಅವಧಿ ಈ ಮೂರೂ ಇರಬೇಕೆಂಬ ಮಾತನ್ನು ಸೇರುವ ಮೊದಲೇ ಮೇಲ್‌ನಲ್ಲಿ ಒಪ್ಪಿಸಿಕೊಳ್ಳುತ್ತೇನೆ.