ಇಂಗು ಗುಂಡಿಗೆ ಕಲ್ಲು ತುಂಬಿಸಲಿಲ್ಲ, ಯಾಕೆಂದರೆ...

ನಮ್ಮದು ಬೆಂಗಳೂರಿನಲ್ಲಿ 40x60 ಸೈಟಿನಲ್ಲಿರುವ ಹಳೇ ಮನೆ. ನೀರಿನ ಬಿಲ್ಲಿನಲ್ಲಿ ಮಳೆನೀರು ಕೊಯ್ಲು ಇಲ್ಲ ಅಂತ ದಂಡ ಬರುತ್ತಿತ್ತು. ದಂಡ ತಪ್ಪಿಸಬೇಕು ಅಂತಲೇ ನಾನು ಈ ಕೆಲಸಕ್ಕೆ ಇಳಿದದ್ದು, ಅದನ್ನು ಮುಚ್ಚಿಡುವುದೇನಿದೆ.

ಮೊದಲು ನಿಯಮ ಏನು ಹೇಳುತ್ತದೆ ನೋಡೋಣ. 2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ಬಂತು. 2,400 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೇ ಮನೆಗಳಿಗೆ, 1,200 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನಲ್ಲಿ ಹೊಸದಾಗಿ ಕಟ್ಟುವ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಮಾಡಿಸದ ಮನೆಗೆ ಮೊದಲ ಮೂರು ತಿಂಗಳು ಬಿಲ್ಲಿನ ಶೇ. 25ರಷ್ಟು ದಂಡ, ಆಮೇಲೆ ಶೇ. 50ರಷ್ಟು. ಒಮ್ಮೆ ಕಟ್ಟಿದರೆ ಮುಗಿಯುವುದಿಲ್ಲ, ಮಾಡಿಸುವವರೆಗೆ ತಿಂಗಳು ತಿಂಗಳು ಬರುತ್ತಲೇ ಇರುತ್ತದೆ.

ಇದರ ಹಿಂದೆ ಎರಡು ಕಾರಣಗಳಿವೆ. ಒಂದು ಎಲ್ಲರಿಗೂ ಗೊತ್ತಿರುವಂಥದ್ದು: ಕಾವೇರಿ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲೆತ್ತಿ ತರಬೇಕು, ಅದು ತಲುಪದ ಕಡೆ ಬೋರ್‌ವೆಲ್ಲೇ ಗತಿ. ಇನ್ನೊಂದು ನಮ್ಮ ಬೀದಿಯಲ್ಲೇ ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ತಾರಸಿಯ ಪೈಪನ್ನು ಸದ್ದಿಲ್ಲದೆ ಒಳಚರಂಡಿಗೆ ಸೇರಿಸಿಬಿಟ್ಟಿರುತ್ತಾರೆ. ಒಳಚರಂಡಿ ಪೈಪಿನ ಅಳತೆ ಇರುವುದು ಬಚ್ಚಲು, ಕಕ್ಕಸಿನ ನೀರಿಗೆ. ಜೋರು ಮಳೆ ಬಂದರೆ ಮ್ಯಾನ್‌ಹೋಲ್ ಉಕ್ಕುತ್ತದೆ, ತಗ್ಗಿನ ಮನೆಯವರ ಬಚ್ಚಲಲ್ಲೇ ಕೊಳಚೆ ಮೇಲೇಳುತ್ತದೆ.

ಎಷ್ಟು ನೀರಿಗೆ ಜಾಗ ಮಾಡಬೇಕು ಅನ್ನುವುದಕ್ಕೂ ಲೆಕ್ಕ ಇದೆ. 2021ರ ತಿದ್ದುಪಡಿಯ ಪ್ರಕಾರ ತಾರಸಿಯ ಪ್ರತಿ ಚದರ ಮೀಟರಿಗೆ 60 ಲೀಟರ್, ಕಲ್ಲು-ಸಿಮೆಂಟು ಹಾಕಿದ ಅಂಗಳದ ಪ್ರತಿ ಚದರ ಮೀಟರಿಗೆ 30 ಲೀಟರ್. ಒಂದು ಮಿಲಿಮೀಟರ್ ಮಳೆ ಒಂದು ಚದರ ಮೀಟರ್ ಮೇಲೆ ಬಿದ್ದರೆ ಒಂದು ಲೀಟರ್. ಅಂದರೆ ಒಂದೇ ಸಲ 60 ಮಿಲಿಮೀಟರ್ ಸುರಿದರೂ ತಾರಸಿಯ ನೀರು ರಸ್ತೆಗೆ ಹೋಗಬಾರದು. ನಮ್ಮ ತಾರಸಿ 90 ಚದರ ಮೀಟರ್, ಅದಕ್ಕೆ 5,400 ಲೀಟರ್. ಕಾರು ನಿಲ್ಲಿಸುವ ಜಾಗ 30 ಚದರ ಮೀಟರ್, ಅದಕ್ಕೆ 900. ಒಟ್ಟು 6,300 ಲೀಟರ್.

ಈ ಲೆಕ್ಕ ಕೈಯಲ್ಲಿ ಇಟ್ಟುಕೊಂಡೇ ಗುತ್ತಿಗೆದಾರರನ್ನು ಮಾತಾಡಿಸಿದೆ. ಮೊದಲು ಬಂದವರು ಮೂರಡಿ ಅಗಲ, ಮೂರಡಿ ಉದ್ದ, ಐದಡಿ ಆಳದ ಗುಂಡಿ ತೋಡಿ ಜಲ್ಲಿ ತುಂಬಿಸಿಕೊಡುತ್ತೇನೆ, ಎರಡು ದಿನದ ಕೆಲಸ ಅಂದರು. ಎಷ್ಟೋ ಮನೆಗಳಲ್ಲಿ ಇರುವುದು ಇಂಥದ್ದೇ. ಖಾಲಿ ಇದ್ದಾಗ ಅದರಲ್ಲಿ ಸುಮಾರು 1,270 ಲೀಟರ್ ಹಿಡಿಯುತ್ತದೆ. ಜಲ್ಲಿ ತುಂಬಿದ ಮೇಲೆ ಕಲ್ಲುಗಳ ಸಂದಿಯಷ್ಟೇ ಉಳಿಯುತ್ತದೆ, ಅಂದರೆ 500 ಲೀಟರ್ ಆಸುಪಾಸು. 6,300 ಎಲ್ಲಿ, 500 ಎಲ್ಲಿ! ಸಾಲದ್ದಕ್ಕೆ ಒಂದೆರಡು ಮಳೆಗಾಲದಲ್ಲಿ ಸಂದಿಗಳಲ್ಲಿ ಹೂಳು ಕೂರುತ್ತದೆ. ಆಗ ಜಲ್ಲಿಯನ್ನೆಲ್ಲ ಹೊರಗೆ ತೆಗೆದು ತೊಳೆಯಬೇಕು. ಯಾರೂ ತೊಳೆಯುವುದಿಲ್ಲ.

ಹಾಗಾಗಿ ನಾನು ಮಾಡಿಸಿದ್ದು ಸಿಮೆಂಟ್ ರಿಂಗ್ ಇಳಿಸಿದ ಇಂಗು ಬಾವಿ. ಒಳಗಿನ ಅಗಲ ನಾಲ್ಕಡಿ, ಆಳ 20 ಅಡಿ, ಒಳಗೆ ಪೂರ್ತಿ ಖಾಲಿ. ನೀರು ಬರುವ ಪೈಪು ಮೇಲಿನಿಂದ ಎರಡಡಿ ಕೆಳಗಿದೆ. ಉಳಿದ 18 ಅಡಿಯಲ್ಲಿ ಸುಮಾರು 6,400 ಲೀಟರ್ ಹಿಡಿಯುತ್ತದೆ.

ಜಾಗ ಆರಿಸಿದ್ದು ಗೇಟಿನ ಪಕ್ಕದ ಮೂಲೆ. ಮನೆಯ ಪಾಯದಿಂದ ಎಂಟಡಿ ದೂರ, ಒಳಚರಂಡಿ ಚೇಂಬರಿನಿಂದ ಹತ್ತಡಿಗಿಂತ ಜಾಸ್ತಿ. ಪಕ್ಕದ ಮನೆಯಲ್ಲಿ ನೆಲಮಾಳಿಗೆ ಇದ್ದರೆ ಆ ಕಡೆ ತೋಡಿಸಬೇಡಿ, ಗೋಡೆಗೆ ತೇವ ಹೊಡೆಯುತ್ತದೆ. ಅಗೆದವರು ತಲೆತಲಾಂತರದಿಂದ ಬಾವಿ ತೋಡುವ ಮಣ್ಣು ಒಡ್ಡರ ಕುಟುಂಬದವರು. ಹನ್ನೆರಡಡಿಗೆ ಸಾಕಲ್ವಾ ಅಂತ ನಾನು ಕೇಳಿದೆ. ಮೇಸ್ತ್ರಿ ತಳದ ಕೆಂಪು ಜೇಡಿಮಣ್ಣನ್ನು ಉಂಡೆ ಕಟ್ಟಿ ತೋರಿಸಿದರು. "ಇದು ಉಂಡೆ ಆಗ್ತಾ ಇದೆ ಸಾರ್, ಇಲ್ಲಿ ನಿಲ್ಲಿಸಿದ್ರೆ ನೀರು ಇಂಗಲ್ಲ, ಇನ್ನೂ ಹೋಗೋಣ" ಅಂದರು. ಹದಿನಾರಡಿ ದಾಟಿದ ಮೇಲೆ ಬೆಳ್ಳಗೆ, ಮರಳು ಮರಳಾದ ಮಣ್ಣು ಬಂತು. ಹಿಡಿದರೆ ಉದುರುತ್ತಿತ್ತು. ನಾಲ್ಕು ಬಕೆಟ್ ನೀರು ಸುರಿದರೆ ನೋಡುತ್ತಿದ್ದಂತೆ ಇಳಿದುಹೋಯಿತು. ಬಾವಿಯ ಆಳವನ್ನು ನಿಜವಾಗಿ ತೀರ್ಮಾನಿಸುವುದು ಈ ಪದರ. ಎಂಟಡಿಗೇ ಬಂಡೆ ಸಿಕ್ಕರೆ, ಅಥವಾ ತಗ್ಗಿನ ಜಾಗದಲ್ಲಿ ತೋಡುವಾಗಲೇ ನೀರು ಬಂದರೆ, ಇಂಗು ಬಾವಿ ಬಿಟ್ಟು ಸಂಪಿನಲ್ಲಿ ಮಳೆನೀರು ತುಂಬಿಸಿಕೊಳ್ಳುವುದೇ ಸರಿ.

ರಿಂಗುಗಳನ್ನು ತಳದಿಂದ ಒಂದರ ಮೇಲೊಂದು ಕೂರಿಸುತ್ತಾ ಬಂದರು. ಕೆಳಗಿನವುಗಳ ನಡುವೆ ಸಿಮೆಂಟು ಹಾಕಲಿಲ್ಲ, ಅಲ್ಲಿಂದಲೂ ನೀರು ಪಕ್ಕಕ್ಕೆ ಇಂಗಲಿ ಅಂತ. ಮೇಲಿನ ಮೂರು ರಿಂಗುಗಳಿಗೆ ಮಾತ್ರ ಸಿಮೆಂಟು, ಮೇಲ್ಮಣ್ಣಿನ ಕೊಳೆ ಒಳಗೆ ಜಾರಬಾರದಲ್ಲ. ರಿಂಗಿಗೂ ಮಣ್ಣಿಗೂ ನಡುವಿನ ಸಂದಿಗೆ ಜಲ್ಲಿ ತುಂಬಿಸಿದರು. ಬಾವಿಯ ಕೆಲಸದಲ್ಲಿ ಜಲ್ಲಿಗೆ ಜಾಗ ಇರುವುದು ಅಲ್ಲಿ ಮಾತ್ರ. ಬಾಯಿಗೆ ಕಾಂಕ್ರೀಟ್ ಚಪ್ಪಡಿ, ಅದರಲ್ಲಿ ಬೀಗ ಹಾಕುವ ಕಬ್ಬಿಣದ ಮುಚ್ಚಳ, ಮುಚ್ಚಳದ ಕೆಳಗೆ ಸೊಳ್ಳೆ ಪರದೆ.

ಸೋಸುವ ಕೆಲಸ ಬಾವಿಯ ಹೊರಗೇ ಮುಗಿಯಬೇಕು. ತಾರಸಿಯಿಂದ ಇಳಿಯುವ ನಾಲ್ಕಿಂಚಿನ ಪೈಪಿಗೆ ನೆಲದ ಹತ್ತಿರ T ಆಕಾರದ ಒಂದು ಜೋಡಣೆ ಹಾಕಿಸಿ, ತುದಿಗೆ ತಿರುಗಿಸಿ ತೆಗೆಯುವ ಮುಚ್ಚಳ ಕೊಟ್ಟಿದ್ದೇನೆ. ಮೊದಲ ಮಳೆಗೆ ಅದನ್ನು ತೆಗೆದಿಟ್ಟರೆ ಬೇಸಿಗೆಯ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಹೊರಗೆ ಹೋಗುತ್ತದೆ. ಅಲ್ಲಿಂದ ಮುಂದೆ ಇಟ್ಟಿಗೆಯ ಎರಡು ಚೇಂಬರ್. ಮೊದಲನೆಯದು ಖಾಲಿ, ಅದರ ತಳದಲ್ಲಿ ಹೂಳು ಕೂರುತ್ತದೆ. ಎರಡನೆಯದರಲ್ಲಿ ಜಲ್ಲಿ, ಅದರ ಮೇಲೆ ನೈಲಾನ್ ಜಾಲರಿ. ಮರಳೂ ಹಾಕಿ ಅಂತ ಹೇಳುವವರಿದ್ದಾರೆ. ಅರ್ಧ ಗಂಟೆಯಲ್ಲಿ 20 ಮಿಲಿಮೀಟರ್ ಮಳೆ ಬಂದರೆ ನಮ್ಮ ತಾರಸಿಯಿಂದ ನಿಮಿಷಕ್ಕೆ 60 ಲೀಟರ್ ಬರುತ್ತದೆ. ಎರಡಡಿ ಚೌಕದ ಚೇಂಬರಿನಲ್ಲಿ ಮರಳು ಅಷ್ಟನ್ನು ಇಳಿಸುವುದಿಲ್ಲ, ನೀರು ಉಕ್ಕಿ ಅಂಗಳಕ್ಕೆ ಬರುತ್ತದೆ. ಕುಡಿಯುವ ನೀರಿಗಾದರೆ ಮರಳು ಬೇಕು, ಇಂಗಿಸಲು ಜಲ್ಲಿ ಮತ್ತು ಜಾಲರಿ ಸಾಕು. ಅಂಗಳದ ನೀರು ಗೇಟಿನ ಬಳಿಯ ಕಬ್ಬಿಣದ ಜಾಲಿಯಿಂದ ಮೊದಲ ಚೇಂಬರಿಗೇ ಬರುತ್ತದೆ. ಹಾಗಾಗಿ ಕಾರನ್ನು ಈಗ ಅಲ್ಲಿ ಸೋಪು ಹಾಕಿ ತೊಳೆಯುವುದಿಲ್ಲ.

ಬಾವಿ ತುಂಬಿ ಮಿಕ್ಕಿದ್ದು ರಸ್ತೆ ಬದಿಯ ಮಳೆನೀರು ಚರಂಡಿಗೆ ಹೋಗುತ್ತದೆ, ಒಳಚರಂಡಿಗೆ ಅಲ್ಲ. ಮಳೆನೀರನ್ನು ನೇರವಾಗಿ ಹಳೇ ಬೋರ್‌ವೆಲ್ಲಿಗೆ ಬಿಡಿ ಅಂತಲೂ ಒಬ್ಬರು ಸಲಹೆ ಕೊಟ್ಟರು. ಒಪ್ಪಲಿಲ್ಲ. ಮಣ್ಣಿನ ಮೂಲಕ ಇಳಿಯುವಾಗ ನೀರು ಸೋಸಿಕೊಳ್ಳುತ್ತದೆ, ಬೋರ್‌ವೆಲ್ಲಿಗೆ ಬಿಟ್ಟರೆ ಕೊಳೆ ನೇರ ಅಂತರ್ಜಲಕ್ಕೆ ಸೇರುತ್ತದೆ.

ಅಗೆತ, ರಿಂಗು, ಚೇಂಬರು, ಪೈಪು ಎಲ್ಲ ಸೇರಿ 45,000 ರೂಪಾಯಿ ಆಚೀಚೆ ಆಯಿತು. ಬೇಸಿಗೆಯಲ್ಲೇ ತೋಡಿಸಿದ್ದು ಒಳ್ಳೆಯದಾಯಿತು. ಮಳೆಗಾಲದಲ್ಲಿ ಮಣ್ಣಿನ ಗೋಡೆ ಕುಸಿಯಬಹುದು, ಒಳಗಿರುವವರಿಗೆ ಅಪಾಯ.

ಕೆಲಸ ಮಾಡುತ್ತಿದೆಯಾ ಅಂತ ನೋಡಲು ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿಟ್ಟುಕೊಂಡಿದ್ದೇನೆ. ಜೋರು ಮಳೆಯ ಮಾರನೇ ಬೆಳಿಗ್ಗೆ ಇಳಿಬಿಟ್ಟು, ಎಷ್ಟು ಗಂಟು ಒದ್ದೆಯಾಯಿತು ಅಂತ ಎಣಿಸುತ್ತೇನೆ. ಸೆಪ್ಟೆಂಬರ್ ಮಳೆಗೆ ರಾತ್ರಿ ಮುಕ್ಕಾಲು ತುಂಬಿದ್ದು ಮರುದಿನ ಸಂಜೆಗೆ ಮಂಡಿಯಷ್ಟಕ್ಕೆ ಇಳಿದಿರುತ್ತದೆ. ಮೂರನೇ ದಿನವೂ ಮಟ್ಟ ಇಳಿಯದಿದ್ದರೆ ತಳದಲ್ಲಿ ಹೂಳು ಕೂತಿದೆ ಅಂತ ಅರ್ಥ. ವಾಸನೆ ಬಂದರೆ ಕೊಳಚೆ ಎಲ್ಲಿಂದಲೋ ಸೇರುತ್ತಿದೆ, ಮೊದಲು ಒಳಚರಂಡಿ ಪೈಪು ನೋಡಿಸಿ. ಹೂಳು ತೆಗೆಸಲು ಬಾವಿ ಕೆಲಸದವರನ್ನೇ ಕರೆಸಿ, ನೀವೇ ಸುಮ್ನೆ ಇಳಿಯಬೇಡಿ. ಮುಚ್ಚಿಟ್ಟ ಬಾವಿಯಲ್ಲಿ ಉಸಿರಾಡಲು ಗಾಳಿ ಸಾಲದೆ ಹೋಗಬಹುದು. ಚೇಂಬರಿನ ಹೂಳನ್ನು ಮಾತ್ರ ಮಳೆಗಾಲದಲ್ಲಿ ಆಗಾಗ ನಾನೇ ಬಾಚಿ ತೆಗೆಯುತ್ತೇನೆ. ಅದು ಗಿಡಗಳ ಬುಡಕ್ಕೆ ಹೋಗುತ್ತದೆ.