ಕೊತ್ತಂಬರಿ, ಪುದೀನ, ಕರಿಬೇವು: ವಾರವಾದರೂ ಹಸಿರಾಗಿ ಇಡುವುದು ಹೇಗೆ?

ಸಂತೆಯಿಂದ ತಂದ ಕೊತ್ತಂಬರಿ ಪೆಂಡಿಯನ್ನು ಪ್ಲಾಸ್ಟಿಕ್ ಚೀಲದ ಸಮೇತ ಫ್ರಿಜ್ಜಿನೊಳಗೆ ತಳ್ಳಿ, ಮೂರನೆಯ ದಿನ ಕಪ್ಪಾಗಿ ಲೋಳೆಗಟ್ಟಿದ ಕಟ್ಟನ್ನು ಹೊರಗೆಸೆಯುತ್ತ ಫ್ರಿಜ್ಜನ್ನು ದೂರುವವರನ್ನು ವಿಜಯಪುರದ ಹಲವು ಮನೆಗಳಲ್ಲಿ ಕಂಡಿದ್ದೇನೆ. ತಪ್ಪು ಫ್ರಿಜ್ಜಿನದಲ್ಲ. ನಮ್ಮ ಬಿಸಿಲಿಗೆ ಸೊಪ್ಪು ಬಾಡದಿರಲೆಂದು ಮಾರುವವರು ಮೇಲಿಂದ ಮೇಲೆ ನೀರು ಚಿಮುಕಿಸುತ್ತಾರೆ. ಆ ನೀರು ಬಿಗಿದ ಕಟ್ಟಿನ ನಡುವೆ ಉಳಿದುಕೊಂಡು, ಗಾಳಿಯಾಡದ ಚೀಲದಲ್ಲಿ ಎಲೆಯನ್ನು ಕೊಳೆಸುತ್ತದೆ. ಹಾಗಾಗಿ ಕೆಲಸವೆಲ್ಲ ಇರುವುದು ಎಲೆಯ ಮೇಲಿನ ನೀರನ್ನು ತೆಗೆಯುವುದರಲ್ಲಿ.

ಮನೆಗೆ ಬಂದ ಕೂಡಲೇ ಕಟ್ಟನ್ನು ಬಿಚ್ಚಿ, ಹಳದಿಯಾದ, ಜಜ್ಜಿದ ಎಲೆಗಳನ್ನು ಆರಿಸಿ ತೆಗೆಯಿರಿ. ಒಂದು ಕೊಳೆತ ಎಲೆ ಒಳಗುಳಿದರೂ ಅದರ ಸುತ್ತಲಿನವು ನಾಲ್ಕು ದಿನದಲ್ಲಿ ಕೆಡುತ್ತವೆ. ಈ ಹಂತದಲ್ಲಿ ಸೊಪ್ಪನ್ನು ತೊಳೆಯಲೇಬೇಡಿ; ಅಡುಗೆಗೆ ತೆಗೆದುಕೊಳ್ಳುವಾಗ ಬೇಕಾದಷ್ಟನ್ನೇ ತೊಳೆದರೆ ಸಾಕು.

ಸೊಪ್ಪು ದಾರಿಯಲ್ಲಿ ಬಾಡಿದ್ದರೆ, ಬೇರನ್ನು ಕತ್ತರಿಸಿ ದಂಟಿನ ತುದಿ ಮಾತ್ರ ಮುಳುಗುವಂತೆ ಎರಡು ಬೆರಳು ತಣ್ಣೀರಿರುವ ಪಾತ್ರೆಯಲ್ಲಿ ಅರ್ಧ ಗಂಟೆ ನಿಲ್ಲಿಸಿರಿ. ದಂಟು ನೀರೆಳೆದುಕೊಂಡು ಎಲೆ ಮತ್ತೆ ಸೆಟೆಯುತ್ತದೆ. ಬಾಡಿದ ಸೊಪ್ಪನ್ನು ಹಾಗೆಯೇ ಡಬ್ಬಿಗೆ ಹಾಕಿದರೆ ಅದು ಅಲ್ಲಿ ಚೇತರಿಸಿಕೊಳ್ಳುವುದಿಲ್ಲ.

ಬಹಳಷ್ಟು ಜನ ಎಡವುವುದು ಇನ್ನು ಮುಂದಿನ ಹಂತದಲ್ಲಿ, ಅಂದರೆ ಆರಿಸುವುದರಲ್ಲಿ. ಹಳೆಯ ದೋತರದ ತುಂಡನ್ನು ನೆರಳಿನಲ್ಲಿ ಹಾಸಿ, ದಂಟಿನ ಮೇಲೆ ದಂಟು ಬೀಳದಂತೆ ಸೊಪ್ಪನ್ನು ತೆಳ್ಳಗೆ ಹರವಿರಿ. ಫ್ಯಾನಿನ ನೇರ ಗಾಳಿ ಬೇಡ, ಏಕೆಂದರೆ ಅದು ಎಲೆಯ ಮೇಲಿನ ನೀರಿನ ಜೊತೆಗೆ ಒಳಗಿನದನ್ನೂ ಎಳೆದುಬಿಡುತ್ತದೆ. ಎಷ್ಟು ಹೊತ್ತು ಎಂಬುದಕ್ಕೆ ಒಂದೇ ಉತ್ತರವಿಲ್ಲ: ನಮ್ಮಲ್ಲಿಯ ಮೇ ತಿಂಗಳ ಒಣ ಹವೆಯಲ್ಲಿ ಅರ್ಧ ಗಂಟೆ ಸಾಕಾದರೆ, ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ಎರಡು ಮೂರು ಗಂಟೆಯಾದರೂ ಬೇಕು. ಆದ್ದರಿಂದ ಗಡಿಯಾರವನ್ನು ನಂಬದೆ ಕೈಯನ್ನು ನಂಬಿರಿ. ಒಂದು ಹಿಡಿ ಸೊಪ್ಪನ್ನು ಒಣಗಿದ ಅಂಗೈಯಲ್ಲಿ ಹಗುರವಾಗಿ ಒತ್ತಿ ಬಿಟ್ಟಾಗ ಅಂಗೈ ತೇವವಾಗಬಾರದು, ಎಲೆಗೆ ಎಲೆ ಅಂಟಿರಬಾರದು. ಎಲೆಯ ಅಂಚು ಮುದುಡಲು ತೊಡಗಿದರೆ ಹೊತ್ತು ಮೀರಿದೆ ಎಂದೇ ಅರ್ಥ. ದಂಟು ಕವಲೊಡೆಯುವ ಸಂದಿಯನ್ನು ಬೆರಳಿನಿಂದ ಮುಟ್ಟಿ ನೋಡಲು ಮರೆಯಬೇಡಿ. ಎಲೆ ಆರಿದ ಮೇಲೂ ಅಲ್ಲಿ ಹನಿ ಉಳಿದಿರುತ್ತದೆ.

ಕಳೆದ ಬೇಸಿಗೆಯಲ್ಲಿ ಒಂದೇ ಕಡೆ ಕೊಂಡ ಎರಡು ಪೆಂಡಿಗಳಲ್ಲಿ ಒಂದನ್ನು ಅವಸರದಲ್ಲಿ ಹತ್ತೇ ನಿಮಿಷ ಹರವಿ ಡಬ್ಬಿಗೆ ಹಾಕಿದ್ದೆ, ಇನ್ನೊಂದನ್ನು ಪೂರ್ತಿ ಆರಿಸಿದ್ದೆ. ಐದನೆಯ ದಿನ ಮೊದಲನೆಯದರಲ್ಲಿ ಆ ಸಂದಿಗಳೇ ಮೊದಲು ಕಪ್ಪಾಗಿದ್ದವು. ಎರಡನೆಯದನ್ನು ಹತ್ತನೆಯ ದಿನವೂ ಝುಣಕದ ಮೇಲೆ ಉದುರಿಸಿದ್ದೇನೆ.

ಆರಿದ ಸೊಪ್ಪನ್ನು ಅಗಲ ಡಬ್ಬಿಯಲ್ಲಿ ಕೆಳಗೊಂದು ಮೇಲೊಂದು ಒಣ ಹತ್ತಿಬಟ್ಟೆಯಿಟ್ಟು, ಒತ್ತದೆ, ಸಡಿಲವಾಗಿ ತುಂಬಿ ಮುಚ್ಚಿರಿ. ಮರುದಿನ ಮುಚ್ಚಳದ ಒಳಗೆ ಹನಿ ಕಂಡರೆ ಆರಿದ್ದು ಸಾಲದು. ಕೂಡಲೇ ಬಟ್ಟೆ ಬದಲಿಸಿರಿ. ಹನಿ ಕಾಣದಿದ್ದರೂ ಮೂರು ದಿನಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಕರೆಂಟು ಬಹಳ ಹೊತ್ತು ಹೋದ ದಿನವೂ ಡಬ್ಬಿ ತೆರೆದು ನೋಡಬೇಕು. ಬಟ್ಟೆಯ ಬದಲು ಸುದ್ದಿಪತ್ರಿಕೆ ಸುತ್ತುವ ಸುಲಭದ ದಾರಿ ಬೇಡವೇ ಬೇಡ. ತೇವಕ್ಕೆ ಮುದ್ರಣದ ಶಾಯಿ ಎಲೆಗೆ ಹತ್ತುತ್ತದೆ, ಮತ್ತು ಆಹಾರವನ್ನು ಪತ್ರಿಕೆಯಲ್ಲಿ ಕಟ್ಟಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲಿಯೇ ಎಚ್ಚರಿಸಿದೆ. ತಳದಲ್ಲಿ ಜಾಲರಿಯಿರುವ ದುಬಾರಿ ಡಬ್ಬಿಗಳನ್ನೂ ಬಳಸಿ ನೋಡಿದ್ದೇನೆ. ಕೆಳಗಿಳಿದ ನೀರನ್ನು ಹೀರಲು ಅಲ್ಲಿ ಏನೂ ಇಲ್ಲದ್ದರಿಂದ ಅವು ಬಟ್ಟೆಗೆ ಸಮನಾಗಲಿಲ್ಲ.

ಡಬ್ಬಿಯನ್ನು ತರಕಾರಿಯ ಖಾನೆಯಲ್ಲಿಡಿ. ಬಾಳೆಹಣ್ಣು, ಹಣ್ಣಾದ ಟೊಮೆಟೊ ಪಕ್ಕದಲ್ಲಿ ಬೇಡ. ಅವು ಬಿಡುವ ಎಥಿಲಿನ್ ಅನಿಲ ಕೊತ್ತಂಬರಿಯನ್ನು ಬೇಗ ಹಳದಿಯಾಗಿಸುತ್ತದೆ.

ಪುದೀನಕ್ಕೂ ಇದೇ ಕ್ರಮ, ಆದರೆ ಕೈ ಇನ್ನಷ್ಟು ಹಗುರವಿರಲಿ. ಅದರ ಎಲೆ ಜಜ್ಜಿದಲ್ಲೆಲ್ಲ ಕಪ್ಪಾಗುತ್ತದೆ. ಫ್ರಿಜ್ಜಿನ ಹಿಂಗೋಡೆಗೆ ತಾಗಿ ಹೆಪ್ಪುಗಟ್ಟಿದರೂ ಹಾಗೆಯೇ ಆಗುತ್ತದೆ.

ಕರಿಬೇವನ್ನು ಮಾತ್ರ ದಪ್ಪ ಕಡ್ಡಿಯಿಂದ ಎಸಳು ಎಸಳಾಗಿ ಮುರಿದು, ಎಲೆ ಬಿಡಿಸದೆ ಆರಿಸಿ ಡಬ್ಬಿಗೆ ಹಾಕಿರಿ. ಈ ರೀತಿ ಎರಡು ವಾರ ಸಲೀಸಾಗಿ ಬರುತ್ತದೆ. ಹೆಚ್ಚು ಸಿಕ್ಕಾಗ ಒಂದಿಷ್ಟನ್ನು ತೊಳೆದು, ಪೂರ್ತಿ ಆರಿಸಿ ಫ್ರೀಜರಿನಲ್ಲಿಡಬಹುದು. ಒಗ್ಗರಣೆಗೆ ಬೇಕಾದಾಗ ಕರಗಲು ಬಿಡದೆ ನೇರವಾಗಿ ಎಣ್ಣೆಗೆ ಹಾಕಬೇಕು, ಕರಗಿದ ಎಲೆ ಕಪ್ಪಾಗಿ ಮೆತ್ತಗಾಗುತ್ತದೆ. ಅಂಟಿದ ಹಿಮ ಎಣ್ಣೆಯಲ್ಲಿ ಸಿಡಿಯುವುದರಿಂದ ಮುಚ್ಚಳವನ್ನು ಕೈಯಲ್ಲಿ ಹಿಡಿದೇ ಹಾಕಿರಿ.